ತಾರಸಿ ಸೋಲಾರ್ ಸ್ಟ್ಯಾಂಡ್: ಕಾಲನ್ನು ಸ್ಲ್ಯಾಬಿಗೆ ಕೂರಿಸುವುದು, ಬೋಲ್ಟ್ ಜಾಗ ಸೋರದಂತೆ ಮಾಡುವುದು, ಗಾಳಿಯ ಲೆಕ್ಕ

ಸೋಲಾರ್ ಹಾಕಿಸುವಾಗ ಪ್ಯಾನೆಲ್ ಯಾವ ಕಂಪನಿದು, ಇನ್ವರ್ಟರ್ ಯಾವುದು, ಸಬ್ಸಿಡಿ ಎಷ್ಟು ಬರುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಸ್ಟ್ಯಾಂಡಿನ ಕಾಲು ಸ್ಲ್ಯಾಬಿಗೆ ಹೇಗೆ ಕೂರುತ್ತೆ ಅಂತ ಕೇಳುವವರು ಕಮ್ಮಿ. ಮುಂದೆ ಬರುವ ದೊಡ್ಡ ತೊಂದರೆಗಳು ಎರಡೇ: ಗಾಳಿಗೆ ಕಿತ್ತು ಬರುವುದು, ಮಳೆಗೆ ಸೋರುವುದು. ಎರಡೂ ಶುರುವಾಗುವುದು ಆ ಕಾಲಿನ ಬುಡದಲ್ಲೇ. ಹಾಗಾಗಿ ಈ ಬರಹದಲ್ಲಿ ಬುಡಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ವೈರಿಂಗ್, ನೆಟ್ ಮೀಟರ್ ಇಲ್ಲಿ ಬರುವುದಿಲ್ಲ.

ಒಂದು ಮನೆಯನ್ನು ಇಟ್ಟುಕೊಂಡು ಲೆಕ್ಕ ಮಾಡೋಣ. ಬೆಂಗಳೂರಿನ 30×40 ಸೈಟು, ಪೂರ್ವಕ್ಕೆ ಬಾಗಿಲು, ಎರಡು ಮಹಡಿ, ಮೇಲೆ ಆರ್‌ಸಿಸಿ ತಾರಸಿ. ಹಾಕುವುದು 3 ಕಿಲೋವ್ಯಾಟ್ ಸಿಸ್ಟಂ, ಅಂದರೆ ಸುಮಾರು 540 ವ್ಯಾಟಿನ ಆರು ಪ್ಯಾನೆಲ್. ಒಂದೊಂದು ಪ್ಯಾನೆಲ್ 2.28 ಮೀಟರ್ ಉದ್ದ, 1.13 ಮೀಟರ್ ಅಗಲ, ತೂಕ ಸುಮಾರು 28 ಕೆ.ಜಿ. ಆರನ್ನೂ ಪೂರ್ವ-ಪಶ್ಚಿಮವಾಗಿ ಒಂದೇ ಸಾಲಿನಲ್ಲಿ, ದಕ್ಷಿಣಕ್ಕೆ 10 ಡಿಗ್ರಿ ಬಗ್ಗಿಸಿ ನಿಲ್ಲಿಸಿದರೆ ಸಾಲಿನ ಉದ್ದ 6.9 ಮೀಟರ್ ಆಗುತ್ತದೆ. ಇದರಡಿ ನಾಲ್ಕು ಜೋಡಿ ಕಾಲು, 2 ಮೀಟರಿಗೊಂದು ಜೋಡಿ, ಎರಡೂ ತುದಿಯಲ್ಲಿ 45 ಸೆಂಟಿಮೀಟರ್ ಹೊರಚಾಚು. ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ನಡುವೆ ಒಂದೂವರೆ ಮೀಟರ್. ಆಗ ಹಿಂದಿನ ಕಾಲು ಮುಂದಿನದಕ್ಕಿಂತ 26 ಸೆಂಟಿಮೀಟರ್ ಎತ್ತರ ಇದ್ದರೆ 10 ಡಿಗ್ರಿ ಸಿಗುತ್ತದೆ. ಒಟ್ಟು ಎಂಟು ಕಾಲು.

ಗಾಳಿ ಎಷ್ಟು ಎತ್ತುತ್ತದೆ?

ಪ್ಯಾನೆಲ್ ಭಾರಕ್ಕೆ ಸ್ಲ್ಯಾಬ್ ತಡೆಯುತ್ತಾ ಅಂತ ಎಲ್ಲರಿಗೂ ಭಯ. ಪ್ಯಾನೆಲ್ಲು, ಸ್ಟ್ಯಾಂಡು ಎರಡೂ ಸೇರಿ ಸುಮಾರು 290 ಕೆ.ಜಿ. ಅಷ್ಟೆ. ಹಬ್ಬದ ದಿನ ನಾಲ್ಕೈದು ಜನ ತಾರಸಿ ಮೇಲೆ ನಿಂತರೂ ಅಷ್ಟು ಭಾರ ಬೀಳುತ್ತದೆ. ತೊಂದರೆ ಇರುವುದು ಕೆಳಗೆ ಒತ್ತುವ ಭಾರದಲ್ಲಿ ಅಲ್ಲ, ಮೇಲಕ್ಕೆ ಎತ್ತುವ ಗಾಳಿಯಲ್ಲಿ.

ಭಾರತದಲ್ಲಿ ಗಾಳಿಯ ಲೆಕ್ಕಕ್ಕೆ ಐಎಸ್ 875 ಅನ್ನುವ ಭಾರತೀಯ ಮಾನಕದ ಮೂರನೇ ಭಾಗವನ್ನು ಬಳಸುತ್ತಾರೆ. ಈಗ ಚಾಲ್ತಿಯಲ್ಲಿರುವುದು 2015ರ ಆವೃತ್ತಿ. ಅದರಲ್ಲಿ ಬೆಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಮಂಗಳೂರಿಗೆ 39 ಮೀಟರ್. ಈ ವೇಗಕ್ಕೆ ಕಟ್ಟಡದ ಎತ್ತರ, ಸುತ್ತಲಿನ ಬಯಲು, ಗುಡ್ಡ ಇವಕ್ಕೆ ತಕ್ಕಂತೆ ಗುಣಕಗಳು ಬರುತ್ತವೆ. ಸುತ್ತ ಮನೆಗಳಿರುವ ಎರಡು ಮಹಡಿ ಕಟ್ಟಡಕ್ಕೆ ಎಲ್ಲವನ್ನೂ 1 ಅಂತ ಹಿಡಿದರೆ ಲೆಕ್ಕ ಸ್ವಲ್ಪ ಜಾಸ್ತಿ ಕಡೆಗೇ ವಾಲುತ್ತದೆ. ಅದು ಒಳ್ಳೆಯದೇ.

ಒತ್ತಡ = 0.6 × ವೇಗ × ವೇಗ

33ಕ್ಕೆ ಇದು ಚದರ ಮೀಟರಿಗೆ 653 ನ್ಯೂಟನ್, ನಮ್ಮ ಭಾಷೆಯಲ್ಲಿ ಸುಮಾರು 67 ಕೆ.ಜಿ. 39ಕ್ಕೆ 93 ಕೆ.ಜಿ. ವೇಗ ಜಾಸ್ತಿ ಆಗಿರುವುದು ನೂರಕ್ಕೆ 18ರಷ್ಟು, ಒತ್ತಡ ಜಾಸ್ತಿ ಆಗಿರುವುದು ನೂರಕ್ಕೆ 40ರಷ್ಟು. ಬೆಂಗಳೂರಿನಲ್ಲಿ ನಡೆದ ಸ್ಟ್ಯಾಂಡು ಮಂಗಳೂರಿನಲ್ಲಿ ನಡೆಯುತ್ತದೆ ಅಂತ ಸುಮ್ನೆ ಹೇಳಲು ಆಗದಿರುವುದು ಇದಕ್ಕೇ.

ಬಗ್ಗಿ ನಿಂತ ಪ್ಯಾನೆಲ್ಲಿನ ಕೆಳಗೆ ಗಾಳಿ ನುಗ್ಗಿ ಮೇಲಕ್ಕೆ ಒತ್ತುತ್ತದೆ, ಮೇಲಿನಿಂದ ಹಾಯುವ ಗಾಳಿ ಎಳೆಯುತ್ತದೆ. ಎರಡೂ ಸೇರಿದ್ದಕ್ಕೆ 10 ಡಿಗ್ರಿಯ ಸ್ಟ್ಯಾಂಡಿಗೆ ನಾನು 1.3ರಿಂದ ಗುಣಿಸುತ್ತೇನೆ. ಇದು ಸುರಕ್ಷಿತ ಕಡೆಗೆ ಹಿಡಿಯುವ ಅಂದಾಜು. ನಿಮ್ಮ ಎಂಜಿನಿಯರ್ ಕೋಷ್ಟಕ ನೋಡಿ ಬೇರೆ ಸಂಖ್ಯೆ ಹಾಕಬಹುದು. ಆರು ಪ್ಯಾನೆಲ್ಲಿನ ವಿಸ್ತೀರ್ಣ 15.5 ಚದರ ಮೀಟರ್. 67 × 1.3 × 15.5 ಅಂದರೆ ಸುಮಾರು 1,350 ಕೆ.ಜಿ. ಅಷ್ಟು ಬಲ ಮೇಲಕ್ಕೆ. ಎದುರಿಗೆ ಕೆಳಕ್ಕೆ ಎಳೆಯುತ್ತಿರುವ ಸ್ವಂತ ತೂಕ ಬರೀ 290. ಉಳಿದ ಸಾವಿರ ಕೆ.ಜಿ.ಗೂ ಮೀರಿದ ಎಳೆತವನ್ನು ಕಾಲಿನ ಬುಡಗಳೇ ಹಿಡಿಯಬೇಕು.

ಈ ಎಳೆತ ಎಂಟು ಕಾಲಿಗೆ ಸಮನಾಗಿ ಹಂಚಿಕೊಳ್ಳುವುದಿಲ್ಲ. ಪ್ಯಾನೆಲ್ ದಕ್ಷಿಣಕ್ಕೆ ಬಗ್ಗಿರುವುದರಿಂದ ಬಾಯಿ ತೆರೆದಿರುವುದು ಉತ್ತರಕ್ಕೆ. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಮಳೆಗೆ ಮುಂಚೆ ಬೀಸುವ ಗಾಳಿಗೆ ದಿಕ್ಕು ಅಂತಿಲ್ಲ. ಅದು ಉತ್ತರದಿಂದ ಬಂದರೆ ಎತ್ತರದ ಅಂಚಿನ ಕೆಳಗೇ ನೇರವಾಗಿ ಹೊಡೆಯುತ್ತದೆ. ಆಗ ಹಿಂದಿನ ಕಾಲುಗಳಿಗೆ ಹೆಚ್ಚು ಪಾಲು. ನಡುವಿನ ಒಂದು ಜೋಡಿಗೆ 2 ಮೀಟರ್ ಅಗಲದ ಗಾಳಿ ಸಿಗುತ್ತದೆ, ಅಂದರೆ ಸುಮಾರು 390 ಕೆ.ಜಿ. ಅದರಲ್ಲಿ ಮೂರನೇ ಎರಡು ಪಾಲು ಹಿಂದಿನ ಕಾಲಿಗೆ ಅಂತ ಹಿಡಿದರೆ 260. ಇದಕ್ಕೆ ಒಂದೂವರೆ ಪಟ್ಟು ಸುರಕ್ಷತೆ ಸೇರಿಸಿದರೆ ಮತ್ತೆ 390. ಈ ಸಂಖ್ಯೆ ನೆನಪಿರಲಿ. ಒಂದು ಕಾಲಿಗೆ 390 ಕೆ.ಜಿ. ಎಳೆತ.

ತಾರಸಿಯ ಅಂಚಿನಲ್ಲಿ, ಅದರಲ್ಲೂ ಮೂಲೆಗಳಲ್ಲಿ, ಗಾಳಿ ಗೋಡೆ ಹತ್ತಿ ಬಂದು ಸುಳಿಯುತ್ತದೆ. ಅಲ್ಲಿ ಎಳೆತ ನಡುವಿಗಿಂತ ಜಾಸ್ತಿ. ಪ್ಯಾರಾಪೆಟ್‌ನಿಂದ ಕನಿಷ್ಠ 3 ಅಡಿ ಒಳಗೆ ಇಡಿ. ನಮ್ಮ ಮನೆಯ ಉದ್ದ ಪೂರ್ವ-ಪಶ್ಚಿಮ ಇರುವುದರಿಂದ ಎರಡೂ ತುದಿಯಲ್ಲಿ ಅಷ್ಟು ಜಾಗ ಬಿಟ್ಟರೂ ಸಾಲು ಹಿಡಿಯುತ್ತದೆ. ಉತ್ತರಕ್ಕೆ ಬಾಗಿಲಿರುವ 30×40ರಲ್ಲಿ ಆರನ್ನು ಒಂದೇ ಸಾಲಿಗೆ ತುರುಕಿದರೆ ತುದಿಯ ಪ್ಯಾನೆಲ್ ಪ್ಯಾರಾಪೆಟ್ ಪಕ್ಕಕ್ಕೇ ಬರುತ್ತದೆ. ಅಲ್ಲಿ ಮೂರು ಮೂರರ ಎರಡು ಸಾಲು ಮಾಡಿ.

ಕಾಲು ಕೂರಿಸಲು ಮೂರು ದಾರಿ

ಮೊದಲನೆಯದು ಎಲ್ಲರೂ ಮಾಡುವುದು: ಬೇಸ್ ಪ್ಲೇಟನ್ನು ನೇರ ತಾರಸಿ ನೆಲಕ್ಕೆ ಇಟ್ಟು, ನಾಲ್ಕು ತೂತು ಕೊರೆದು, ಆ್ಯಂಕರ್ ಫಾಸ್ಟನರ್ ಬಡಿದು ನಟ್ ಬಿಗಿಯುವುದು. ಬೇಗ ಮುಗಿಯುತ್ತದೆ. ಆದರೆ ನೀರು ಹರಿಯುವ ಮಟ್ಟದಲ್ಲೇ ತೂತು ಇರುತ್ತದೆ. ಎಂಟು ಕಾಲಿಗೆ 32 ತೂತು. ಜೊತೆಗೆ ನಮ್ಮ ತಾರಸಿಗಳಲ್ಲಿ ಸ್ಲ್ಯಾಬಿನ ಮೇಲೆ ಎರಡು ಮೂರು ಇಂಚು ಇಳಿಜಾರಿನ ಗಾರೆ ಇರುತ್ತದೆ. ಹಳೇ ಮನೆಯಾದರೆ ಇಟ್ಟಿಗೆ ಚೂರು, ಸುಣ್ಣ ಹಾಕಿದ ಸುರ್ಕಿ ಇರುತ್ತದೆ. ಮೂರು ಇಂಚಿನ ಫಾಸ್ಟನರ್ ಬಡಿದರೆ ಅದು ಹಿಡಿದುಕೊಂಡಿರುವುದು ಈ ಗಾರೆಯನ್ನು, ಸ್ಲ್ಯಾಬನ್ನಲ್ಲ. ಬಿಗಿಯುವಾಗ ಗಟ್ಟಿಯಾಗೇ ಇರುತ್ತದೆ. ಗಾಳಿಗೆ ನಾಲ್ಕು ಸಲ ಅಲ್ಲಾಡಿದ ಮೇಲೆ ಗಾರೆಯ ಸಮೇತ ಎದ್ದು ಬರುತ್ತದೆ.

ಎರಡನೆಯದು ತೂತೇ ಬೇಡ ಅಂತ ಕಾಂಕ್ರೀಟ್ ಕಲ್ಲು ಇಟ್ಟು ಅದರ ಭಾರದ ಮೇಲೆ ನಿಲ್ಲಿಸುವುದು. ಸೋರುವ ಭಯವಿಲ್ಲ ಅಂತ ಮನೆಯವರಿಗೂ ಇಷ್ಟ. ಲೆಕ್ಕ ಮಾತ್ರ ಕೂಡುವುದಿಲ್ಲ. ಸಾಮಾನ್ಯವಾಗಿ ಹಾಕುವುದು ಒಂದಡಿ ಘನದ ಕಲ್ಲು, ತೂಕ 65 ಕೆ.ಜಿ. ಎಂಟಕ್ಕೆ 520. ಸ್ಟ್ಯಾಂಡು, ಪ್ಯಾನೆಲ್ ಸೇರಿಸಿದರೂ 810. ಗಾಳಿ ಎತ್ತುವುದು 1,350. ಸುರಕ್ಷತೆಯ ಪಟ್ಟು ಸೇರಿಸದೇ ಇಷ್ಟು ಕೊರತೆ. ನಿಜವಾಗಿ ಬರೀ ಭಾರದಲ್ಲೇ ನಿಲ್ಲಿಸಬೇಕಾದರೆ ಒಂದೊಂದು ಕಲ್ಲು 220 ಕೆ.ಜಿ. ಇರಬೇಕು, ಅಂದರೆ ಒಂದೂವರೆ ಅಡಿ ಘನ. ಒಟ್ಟು 1,750 ಕೆ.ಜಿ. ಕಲ್ಲನ್ನೇ ತಾರಸಿಗೆ ಹೊರಿಸಬೇಕು. ಅದನ್ನೂ ತೊಲೆ, ಗೋಡೆಗಳ ಮೇಲೇ ಇಡಬೇಕು.

ಮೂರನೆಯದು ಎರಡನ್ನೂ ಸೇರಿಸಿದ್ದು. ಸ್ಲ್ಯಾಬಿನಲ್ಲಿ ತೂತು ಕೊರೆದು, ಅಂಟಿಸುವ ಕೆಮಿಕಲ್ ತುಂಬಿ ಕಬ್ಬಿಣದ ಸರಳು ನೆಟ್ಟು, ಅದರ ಸುತ್ತ ಪೆಡೆಸ್ಟಲ್, ಅಂದರೆ ಒಂದಡಿಯ ಕಾಂಕ್ರೀಟ್ ದಿಮ್ಮಿ ಹಾಕಿ, ಬೋಲ್ಟನ್ನು ಪೆಡೆಸ್ಟಲ್ ತಲೆಯಲ್ಲಿ ಕೂರಿಸುವುದು. ಎಳೆತವನ್ನು ಸರಳು ಸ್ಲ್ಯಾಬಿಗೆ ಕೊಡುತ್ತದೆ. ಬೋಲ್ಟ್ ನೀರಿನ ಮಟ್ಟದಿಂದ ಮೇಲಕ್ಕೆ ಹೋಗುತ್ತದೆ. ಸ್ಲ್ಯಾಬಿನ ತೂತುಗಳು ಪೆಡೆಸ್ಟಲ್ ಕೆಳಗೆ ಮುಚ್ಚಿಹೋಗುತ್ತವೆ. ಒಂದು ವಾರ ಜಾಸ್ತಿ ಹಿಡಿಯುತ್ತದೆ, ಖರ್ಚೂ ಸ್ವಲ್ಪ ಏರುತ್ತದೆ. ಸ್ವಂತ ಮನೆಗೆ ನಾನು ಇದನ್ನೇ ಹೇಳುವುದು. ಮುಂದಿನ ಹಂತಗಳೂ ಇದಕ್ಕೇ.

ಕೊರೆಯುವ ಮುಂಚೆ ಸ್ಲ್ಯಾಬನ್ನು ಓದಿಕೊಳ್ಳಿ

ಮೊದಲು ದಪ್ಪ. ಮೆಟ್ಟಿಲು ಹತ್ತಿ ಬರುವ ಜಾಗದಲ್ಲಿ ಸ್ಲ್ಯಾಬಿನ ಅಂಚು ಕಾಣುತ್ತದೆ. ಅಲ್ಲಿ ಟೇಪ್ ಹಿಡಿದರೆ ಒಟ್ಟು ದಪ್ಪ ಸಿಗುತ್ತದೆ, ಗಾರೆ ಮತ್ತು ಕೆಳಗಿನ ಪ್ಲಾಸ್ಟರ್ ಸೇರಿ. ಮನೆಗಳಲ್ಲಿ ಸ್ಲ್ಯಾಬ್ ಸಾಮಾನ್ಯವಾಗಿ 5 ಇಂಚು, 125 ಮಿ.ಮೀ. ಗಾರೆ ಎಷ್ಟಿದೆ ಅಂತ ತಿಳಿಯಲು ಕಾಲು ಬರುವ ಒಂದು ಜಾಗದಲ್ಲಿ 6 ಮಿ.ಮೀ. ಬಿಟ್ ಹಾಕಿ ನಿಧಾನವಾಗಿ ಕೊರೆಯಿರಿ. ಸುರ್ಕಿಯಲ್ಲಿ ಕೆಂಪು ಪುಡಿ ಬರುತ್ತದೆ, ಬಿಟ್ ಸಲೀಸಾಗಿ ಇಳಿಯುತ್ತದೆ. ಸ್ಲ್ಯಾಬಿಗೆ ಮುಟ್ಟಿದ ತಕ್ಷಣ ಪುಡಿ ಬೂದು ಬಣ್ಣಕ್ಕೆ ತಿರುಗುತ್ತದೆ, ಡ್ರಿಲ್ಲಿನ ಸದ್ದು ಬಿಗಿಯಾಗುತ್ತದೆ, ಕೈಗೆ ಒದೆತ ಜಾಸ್ತಿ. ಅಲ್ಲಿಗೆ ನಿಲ್ಲಿಸಿ ಆಳ ಅಳೆಯಿರಿ. ಸಿಮೆಂಟ್ ಗಾರೆಯಾದರೆ ಬಣ್ಣ ಬದಲಾಗದು, ಸದ್ದನ್ನೇ ನಂಬಬೇಕು.

ಆಮೇಲೆ ಕೆಳಗಿನ ಮಹಡಿಗೆ ಹೋಗಿ ಸೀಲಿಂಗ್ ನೋಡಿ. ನಮ್ಮ ಕಡೆ ಫ್ಯಾನ್, ಲೈಟಿನ ಪೈಪುಗಳನ್ನು ಕಾಂಕ್ರೀಟ್ ಹಾಕುವ ಮುಂಚೆ ಸ್ಲ್ಯಾಬಿನ ಒಳಗೇ ಮಲಗಿಸಿರುತ್ತಾರೆ. ಫ್ಯಾನ್ ಬಾಕ್ಸಿನಿಂದ ಸ್ವಿಚ್ ಬೋರ್ಡ್ ಇರುವ ಗೋಡೆಗೆ, ಒಂದು ಲೈಟ್ ಪಾಯಿಂಟಿನಿಂದ ಇನ್ನೊಂದಕ್ಕೆ ಗೆರೆ ಎಳೆದುಕೊಳ್ಳಿ. ಆ ಗೆರೆಗಳ ಆಚೀಚೆ ಒಂದಡಿ ಕೊರೆಯಬೇಡಿ. ಮನೆ ಕಟ್ಟುವಾಗ ತೆಗೆದ ಫೋಟೋ ಫೋನಿನಲ್ಲಿ ಇದ್ದರೆ ಇದಕ್ಕಿಂತ ಒಳ್ಳೆಯ ನಕ್ಷೆ ಇಲ್ಲ. ಕೊರೆಯುವಾಗ ಆ ರೂಮುಗಳ ಎಂಸಿಬಿ ಹೇಗೂ ಆಫ್ ಮಾಡಿ.

ಸೀಲಿಂಗಿನಲ್ಲಿ ಈಗಾಗಲೇ ಒದ್ದೆ ಕಲೆ, ಬಿಳಿ ಪುಡಿ, ಕಾಂಕ್ರೀಟ್ ಸಿಪ್ಪೆ ಏಳುವುದು ಇದ್ದರೆ ಸೋಲಾರ್ ಆಮೇಲೆ. ಮೊದಲು ಅದನ್ನು ರಿಪೇರಿ ಮಾಡಿಸಿ. ಸರಳು ತುಕ್ಕು ಹಿಡಿದ ಸ್ಲ್ಯಾಬಿಗೆ ಯಾವ ಕೆಮಿಕಲ್ ಹಾಕಿದರೂ ಹಿಡಿತ ಬರದು.

ಸರಳು ನೆಡುವುದು

ಪ್ರತಿ ಕಾಲಿನ ಜಾಗದಲ್ಲಿ 350 ಮಿ.ಮೀ. ಚೌಕವಾಗಿ ಗಾರೆಯನ್ನು ಕಟಿಂಗ್ ಮೆಷಿನ್ನಿನಲ್ಲಿ ಗೆರೆ ಹೊಡೆದು ತೆಗೆಯಿರಿ. ಸುತ್ತಿಗೆಯಿಂದ ಒಡೆದು ಎಬ್ಬಿಸಿದರೆ ಪಕ್ಕದ ಗಾರೆಯೂ ಪೊಳ್ಳಾಗುತ್ತದೆ. ಸ್ಲ್ಯಾಬ್ ಕಂಡ ಮೇಲೆ ಅದರ ಮೈಯನ್ನು ಉಳಿಯಿಂದ ತರಿ ತರಿ ಮಾಡಿ, ಪುಡಿ ಗುಡಿಸಿ.

ಈಗ 200 ಮಿ.ಮೀ. ಚೌಕದ ನಾಲ್ಕು ಮೂಲೆಗೆ ಗುರುತು. 10 ಮಿ.ಮೀ. ಟಿಎಂಟಿ ಸರಳಿಗೆ ಸಾಮಾನ್ಯವಾಗಿ 14 ಮಿ.ಮೀ. ತೂತು, 80 ಮಿ.ಮೀ. ಆಳ. ತೂತಿನ ಅಳತೆಯನ್ನು ಕೆಮಿಕಲ್ ಕಂಪನಿಯ ಚಾರ್ಟಿನಲ್ಲಿ ಒಮ್ಮೆ ನೋಡಿಕೊಳ್ಳಿ. ಬಿಟ್ಟಿಗೆ 80ರಲ್ಲಿ ಬಣ್ಣದ ಟೇಪ್ ಸುತ್ತಿ. 125ರ ಸ್ಲ್ಯಾಬಿನಲ್ಲಿ ಕೆಳಗೆ 45 ಮಿ.ಮೀ. ಉಳಿಯುತ್ತದೆ. ಅದಕ್ಕಿಂತ ಆಳ ಹೋದರೆ ಸೀಲಿಂಗ್ ಕಡೆ ಕಾಂಕ್ರೀಟ್ ಚಕ್ಕೆ ಎದ್ದು ಬೀಳುತ್ತದೆ. ಸ್ಲ್ಯಾಬೇ 4 ಇಂಚು ಇದ್ದರೆ ಈ ಆಳ ಹೊಂದುವುದಿಲ್ಲ. ಕಾಲನ್ನು ತೊಲೆಯ ಮೇಲಕ್ಕೆ ಸರಿಸಿ.

ಕೊರೆಯುವಾಗ ಬಿಟ್ ಕಬ್ಬಿಣಕ್ಕೆ ತಾಗಿದರೆ ಗೊತ್ತಾಗುತ್ತದೆ. ಇಳಿಯುವುದು ನಿಂತುಬಿಡುತ್ತದೆ, ಕಿರ್ ಅನ್ನುವ ಸದ್ದು, ಪುಡಿಯಲ್ಲಿ ಹೊಳೆಯುವ ಚೂರು. ಅಲ್ಲೇ ಒತ್ತಬೇಡಿ, ಸ್ಲ್ಯಾಬಿನ ಸರಳು ಕತ್ತರಿಸುವುದು ಮನೆಗೆ ಮಾಡುವ ಹಾನಿ. ಎರಡು ಇಂಚು ಪಕ್ಕಕ್ಕೆ ಸರಿದು ಕೊರೆಯಿರಿ. ಬಿಟ್ಟ ತೂತನ್ನು ಅದೇ ಕೆಮಿಕಲ್ಲಿನಿಂದ ತುಂಬಿ.

ಇನ್ನು ಮುಂದಿನ ಐದು ನಿಮಿಷದಲ್ಲೇ ಹಿಡಿತ ನಿರ್ಧಾರ ಆಗುವುದು. ತೂತಿನ ಗೋಡೆಗೆ ಪುಡಿ ಮೆತ್ತಿಕೊಂಡಿದ್ದರೆ ಕೆಮಿಕಲ್ ಆ ಪುಡಿಯನ್ನು ಹಿಡಿಯುತ್ತದೆ, ಕಾಂಕ್ರೀಟನ್ನಲ್ಲ. ಮೊದಲು ತಳದಿಂದ ಪಂಪ್ ಅಥವಾ ಬ್ಲೋವರ್‌ನಿಂದ ಊದಿ. ಆಮೇಲೆ ತೂತಿನ ಅಳತೆಯ ತಂತಿ ಬ್ರಷ್ ಹಾಕಿ ತಿರುಗಿಸಿ. ಮತ್ತೆ ಊದಿ. ಪುಡಿ ಬರುವುದು ನಿಲ್ಲುವ ತನಕ ಇದೇ. ಕೆಲಸದವರು ಬಾಯಲ್ಲಿ ಒಂದು ಸಲ ಉಫ್ ಅಂತ ಊದಿ ಮುಂದಕ್ಕೆ ಹೋಗುತ್ತಿದ್ದರೆ ಅಲ್ಲೇ ನಿಲ್ಲಿಸಿ. ಕಣ್ಣಿಗೂ ಕೆಟ್ಟದ್ದು, ಕೆಲಸಕ್ಕೂ ಕೆಟ್ಟದ್ದು. ನೀರು ಹಾಕಿ ತೊಳೆಯುವುದೂ ಬೇಡ.

ಕೆಮಿಕಲ್ ಟ್ಯೂಬಿನಲ್ಲಿ ಎರಡು ಭಾಗ ಇರುತ್ತದೆ, ನಾಜಲ್ಲಿನಲ್ಲಿ ಬೆರೆಯುತ್ತದೆ. ಮೊದಲು ಬರುವುದು ಸರಿಯಾಗಿ ಬೆರೆತಿರುವುದಿಲ್ಲ. ಬಣ್ಣ ಒಂದೇ ಸಮ ಆಗುವ ತನಕ ಕಾಗದದ ಮೇಲೆ ಹಿಂಡಿ ಬಿಸಾಕಿ. ನಾಜಲ್ಲನ್ನು ತೂತಿನ ತಳಕ್ಕೆ ಮುಟ್ಟಿಸಿ, ತುಂಬುತ್ತಾ ಮೇಲಕ್ಕೆ ಎಳೆಯುತ್ತಾ ಬನ್ನಿ. ಮೂರನೇ ಎರಡು ಭಾಗ ತುಂಬಿದರೆ ಸಾಕು. ಸರಳನ್ನು ತಿರುಗಿಸುತ್ತಾ ಇಳಿಸಿದಾಗ ಬಾಯಿಂದ ಸ್ವಲ್ಪ ಕೆಮಿಕಲ್ ಉಕ್ಕಬೇಕು. ಉಕ್ಕದಿದ್ದರೆ ಒಳಗೆ ಗಾಳಿ ಇದೆ ಅಂತ ಅರ್ಥ. ತೆಗೆದು ಮತ್ತೆ ತುಂಬಿ. ಗಟ್ಟಿಯಾಗುವ ಸಮಯ ಬಿಸಿಲಿಗೆ ತಕ್ಕಂತೆ ಬದಲಾಗುತ್ತದೆ. ಟ್ಯೂಬಿನ ಮೇಲೇ ಪಟ್ಟಿ ಇರುತ್ತದೆ, ಎಕ್ಸ್‌ಪೈರಿ ತಾರೀಕೂ ಇರುತ್ತದೆ, ಎರಡನ್ನೂ ಓದಿ. ಅಷ್ಟು ಹೊತ್ತು ಸರಳನ್ನು ಯಾರೂ ಮುಟ್ಟಬಾರದು. ನೆಟ್ಟಗೆ ಇದೆಯಾ ಅಂತ ಅಲ್ಲಾಡಿಸಿ ನೋಡುವ ಚಪಲ ಎಲ್ಲರಿಗೂ ಇರುತ್ತದೆ!

ಬಡಿದು ಬಿಗಿಯುವ ಫಾಸ್ಟನರ್ ಯಾಕೆ ಬೇಡ ಅಂದರೆ, ಅದು ಹಿಡಿಯುವುದೇ ಕಾಂಕ್ರೀಟನ್ನು ಪಕ್ಕಕ್ಕೆ ಒತ್ತಿ. ತೆಳು ಸ್ಲ್ಯಾಬಿನಲ್ಲಿ, ಅಂಚಿನ ಹತ್ತಿರ ಆ ಒತ್ತಡಕ್ಕೇ ಬಿರುಕು ಬೀಳುತ್ತದೆ. ಕೆಮಿಕಲ್ ಪೂರ್ತಿ ಆಳದಲ್ಲೂ ಅಂಟಿಕೊಳ್ಳುತ್ತದೆ, ತೂತನ್ನೂ ತುಂಬುತ್ತದೆ.

ಈಗ ಲೆಕ್ಕಕ್ಕೆ ವಾಪಸ್ ಬರೋಣ. ಒಂದು ಕಾಲಿಗೆ 390 ಕೆ.ಜಿ. ಎಳೆತ. ಅದರಲ್ಲಿ ಪೆಡೆಸ್ಟಲ್ಲು, ಆ ಕಾಲಿನ ಪಾಲಿನ ಸ್ಟ್ಯಾಂಡು, ಪ್ಯಾನೆಲ್ ತೂಕ ಕಳೆದರೆ ಸುಮಾರು 300. ನಾಲ್ಕು ಸರಳಿಗೆ ಹಂಚಿದರೆ ತಲಾ 75 ಕೆ.ಜಿ. ಒಳ್ಳೆಯ ಕಾಂಕ್ರೀಟಿನಲ್ಲಿ ಸರಿಯಾಗಿ ನೆಟ್ಟ 10 ಮಿ.ಮೀ. ಸರಳಿಗೆ ಇದು ಏನೂ ಅಲ್ಲ. ಒಂದು ಸರಳು ಕೈಕೊಟ್ಟರೂ ನಡೆಯುತ್ತದೆ. ಸ್ಲ್ಯಾಬ್ ಹಳೇದು, ಕಾಂಕ್ರೀಟ್ ಬಗ್ಗೆ ಅನುಮಾನ ಅಂದರೆ ಎರಡು ಸರಳಿಗೆ ಪುಲ್ ಟೆಸ್ಟ್ ಮಾಡಿಸಿ. ಚಿಕ್ಕ ಹೈಡ್ರಾಲಿಕ್ ಜಾಕಿನಿಂದ ಎಳೆದು ನೋಡುತ್ತಾರೆ. ಹತ್ತಾರು ಕಾಲಿನ ದೊಡ್ಡ ಕೆಲಸವಾದರೆ ಇದು ಕಡ್ಡಾಯ ಅಂತಲೇ ಇಟ್ಟುಕೊಳ್ಳಿ.

ಪೆಡೆಸ್ಟಲ್

ಸರಳುಗಳು ಸ್ಲ್ಯಾಬಿನ ಮೇಲೆ 22 ಸೆಂಟಿಮೀಟರ್ ನಿಂತಿರಲಿ, ತಲೆ ಒಳಕ್ಕೆ ಸ್ವಲ್ಪ ಬಗ್ಗಿರಲಿ, ಸುತ್ತ ಎರಡು ರಿಂಗ್ ಕಟ್ಟಿ. 300 ಮಿ.ಮೀ. ಚೌಕದ ಪೆಟ್ಟಿಗೆ ಇಟ್ಟು, ಸ್ಲ್ಯಾಬಿನ ಮೈಗೆ ಎಸ್‌ಬಿಆರ್ ಲ್ಯಾಟೆಕ್ಸ್ ಬೆರೆಸಿದ ಸಿಮೆಂಟ್ ನೀರು ಹಚ್ಚಿ, ಅದು ಒಣಗುವ ಮುಂಚೆ ಕಾಂಕ್ರೀಟ್ ತುಂಬಿ. ಸಿಮೆಂಟ್, ಮರಳು, ಜಲ್ಲಿ 1:1.5:3 ಮಿಶ್ರಣ, ಜಲ್ಲಿ 12 ಮಿ.ಮೀ.ದು. ಹಚ್ಚಿದ್ದು ಒಣಗಿಹೋದರೆ ಅಂಟುವ ಬದಲು ಬಿಡಿಸುವ ಪದರ ಆಗುತ್ತದೆ, ಹಾಗಾಗಿ ಒಂದೊಂದು ಪೆಡೆಸ್ಟಲ್ಲಿಗೆ ಆಗಾಗಲೇ ಹಚ್ಚಿ.

ಎಂ12 ಬೋಲ್ಟ್ ನಾಲ್ಕು, ಕೆಳಗೆ ಕೊಕ್ಕೆ ಇರುವಂಥವು, 200 ಮಿ.ಮೀ. ಕಾಂಕ್ರೀಟಿನ ಒಳಗೆ. ಇವನ್ನು ಕಣ್ಣಂದಾಜಿನಲ್ಲಿ ಚುಚ್ಚಬೇಡಿ. ಬೇಸ್ ಪ್ಲೇಟಿನ ತೂತಿನಂತೆಯೇ ಕೊರೆದ ಪ್ಲೈವುಡ್ ತುಂಡಿಗೆ ಬಿಗಿದು ಇಳಿಸಿ. ಎಂಟು ಪೆಡೆಸ್ಟಲ್ ಉದ್ದಕ್ಕೂ ದಾರ ಎಳೆದು ಸಾಲು ನೋಡಿ. ಇಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಮುಂದೆ ವೆಲ್ಡರ್ ಬೇಸ್ ಪ್ಲೇಟಿಗೆ ಗ್ಯಾಸ್ ಹಿಡಿದು ತೂತು ದೊಡ್ಡದು ಮಾಡುತ್ತಾನೆ, ಸತುವಿನ ಲೇಪ ಅಲ್ಲಿಗೆ ಮುಗಿಯಿತು. ತಲೆಯ ಮೇಲೆ ನೀರು ನಿಲ್ಲದಂತೆ ಅಂಚುಗಳಿಗೆ ಸ್ವಲ್ಪ ಇಳಿಜಾರು ಕೊಡಿ. ಏಳು ದಿನ ಗೋಣಿಚೀಲ ಹೊದಿಸಿ ನೀರು ಹಾಕಿ.

ಸೋರದಂತೆ ಮುಚ್ಚುವುದು

ನೀರು ಒಳಗೆ ಹೋಗುವ ದಾರಿ ಎರಡು. ಒಂದು, ಪೆಡೆಸ್ಟಲ್ ಸುತ್ತ ನಾವು ಕತ್ತರಿಸಿದ ಗಾರೆಯ ಸಂದು. ಇನ್ನೊಂದು, ಮೇಲೆ ಬೋಲ್ಟಿನ ಬುಡ. ಮೊದಲನೆಯದೇ ಅಪಾಯದ್ದು, ಯಾಕೆಂದರೆ ಅದು ನೀರು ಹರಿಯುವ ಮಟ್ಟದಲ್ಲಿದೆ.

ಸಂದಿಗೆ ಲ್ಯಾಟೆಕ್ಸ್ ಬೆರೆಸಿದ ಗಾರೆ ತುಂಬಿ. ಪೆಡೆಸ್ಟಲ್ ನೆಲಕ್ಕೆ ಸೇರುವ ನಾಲ್ಕೂ ಕಡೆ ಎರಡು ಇಂಚಿನ ಓರೆ ಗಾರೆ ಕೊಡಿ. ವಾಟರ್‌ಪ್ರೂಫ್ ಪದರ ಚೂಪು ಮೂಲೆಯಲ್ಲಿ ಮೊದಲು ಬಿರಿಯುತ್ತದೆ, ಓರೆ ಇದ್ದರೆ ಬಿರಿಯುವುದಿಲ್ಲ. ಅದು ಒಣಗಿದ ಮೇಲೆ ವಾಟರ್‌ಪ್ರೂಫಿಂಗ್ ಕೋಟ್: ಮೊದಲ ಕೋಟ್ ಹಸಿ ಇರುವಾಗಲೇ ಫೈಬರ್ ಮೆಶ್ ಅಂಟಿಸಿ, ಒಣಗಿದ ಮೇಲೆ ಅದಕ್ಕೆ ಅಡ್ಡವಾಗಿ ಎರಡನೇ ಕೋಟ್. ಪೆಡೆಸ್ಟಲ್ ಮೈ ಮೇಲೆ ಕನಿಷ್ಠ ಅರ್ಧ ಅಡಿ, ನೆಲದ ಮೇಲೆ ಒಂದಡಿ ಬರಬೇಕು. ತಾರಸಿಗೆ ಮೊದಲೇ ಯಾವುದಾದರೂ ಕೋಟ್ ಇದ್ದರೆ ಅದೇ ಜಾತಿಯದನ್ನು ಹಾಕಿ. ಡಾಂಬರು ಶೀಟಿನ ಮೇಲೆ ಅಕ್ರಿಲಿಕ್ ಹಚ್ಚಿದರೆ ಮೊದಲ ಬೇಸಿಗೆಗೇ ಹಪ್ಪಳದಂತೆ ಏಳುತ್ತದೆ.

ಈಗ, ಸ್ಟ್ಯಾಂಡ್ ಕೂರಿಸುವ ಮುಂಚೆಯೇ, ನೀರು ನಿಲ್ಲಿಸಿ ನೋಡಿ. ತಾರಸಿಯ ನೀರು ಹೋಗುವ ಬಾಯಿ ಮುಚ್ಚಿ ಎರಡು ಇಂಚು ನೀರು 48 ಗಂಟೆ ಇರಲಿ. ಅಷ್ಟು ನೀರಿನ ಭಾರ ಚದರ ಮೀಟರಿಗೆ ಸುಮಾರು 50 ಕೆ.ಜಿ., ಗಟ್ಟಿ ಸ್ಲ್ಯಾಬಿಗೆ ತೊಂದರೆ ಇಲ್ಲ. ಕೆಳಗೆ ರೂಮುಗಳಲ್ಲಿ ಮೊಬೈಲ್ ಟಾರ್ಚನ್ನು ಸೀಲಿಂಗಿಗೆ ಓರೆಯಾಗಿ ಹಿಡಿದು ಒದ್ದೆ ಹುಡುಕಿ. ಪ್ಯಾನೆಲ್ ಹಾಕಿದ ಮೇಲೆ ಸೋರಿದ್ದು ಗೊತ್ತಾದರೆ ಒಂದೂವರೆ ಅಡಿ ಎತ್ತರದ ಸ್ಟ್ಯಾಂಡಿನ ಕೆಳಗೆ ಮಲಗಿ ರಿಪೇರಿ ಮಾಡಬೇಕಾಗುತ್ತದೆ. ಕಂಟ್ರಾಕ್ಟರ್ ಈ ಹಂತ ಬೇಡ ಅಂದರೂ ಒಪ್ಪಬೇಡಿ.

ಬೋಲ್ಟಿನ ಬುಡಕ್ಕೆ ಬೇರೆ ಉಪಾಯ. ಬೋಲ್ಟಿಗೆ ಮೊದಲು ಒಂದು ನಟ್, ಅದರ ಮೇಲೆ ಬೇಸ್ ಪ್ಲೇಟ್, ಮೇಲೆ ವಾಷರ್ ಮತ್ತು ನಟ್. ಕೆಳಗಿನ ನಟ್ ತಿರುಗಿಸಿ ಎಂಟೂ ಪ್ಲೇಟನ್ನು ಒಂದೇ ಮಟ್ಟಕ್ಕೆ ತನ್ನಿ. ಪ್ಲೇಟಿನ ಕೆಳಗೆ ಉಳಿದ ಎರಡು ಸೆಂಟಿಮೀಟರ್ ಸಂದಿಗೆ ಕುಗ್ಗದ ಗ್ರೌಟ್ ತುಂಬಿ. ಗ್ರೌಟ್ ಗಟ್ಟಿಯಾದ ಮೇಲೆ ಪೂರ್ತಿ ಬಿಗಿಯಿರಿ. ಆಮೇಲೆ ಪ್ಲೇಟಿನ ಸುತ್ತಲೂ, ನಟ್‌ಗಳ ಸುತ್ತಲೂ ಪಾಲಿಯುರೆಥೇನ್ ಸೀಲೆಂಟ್. ಅಂಗಡಿಯಲ್ಲಿ ಪಿಯು ಸೀಲೆಂಟ್ ಅಂದರೆ ಕೊಡುತ್ತಾರೆ. ಮಾಮೂಲಿ ಸಿಲಿಕಾನ್ ಬಾತ್‌ರೂಮ್ ಟೈಲಿಗೆ ಸರಿ, ಒರಟು ಕಾಂಕ್ರೀಟಿಗೆ ಬಹಳ ದಿನ ಅಂಟಿಕೊಂಡಿರುವುದಿಲ್ಲ. ಬಿಳಿ ಸಿಮೆಂಟ್, ಎಪಾಕ್ಸಿ ಹಿಟ್ಟು ಎರಡೂ ಗಡುಸು. ಸ್ಟ್ಯಾಂಡು ಬಿಸಿಲಿಗೆ ಹಿಗ್ಗಿ ಕುಗ್ಗಿದಾಗ ಕೂದಲೆಳೆ ಬಿರುಕು ಬಿಡುತ್ತವೆ.

ಸ್ಟ್ಯಾಂಡು ಮತ್ತು ಕ್ಲ್ಯಾಂಪ್

ಇದನ್ನು ಬೇಗ ಮುಗಿಸುತ್ತೇನೆ. ಕಬ್ಬಿಣ ಹಾಟ್ ಡಿಪ್ ಗ್ಯಾಲ್ವನೈಸ್ ಆಗಿರಲಿ, ಲೇಪ 80 ಮೈಕ್ರಾನ್. ಬೆಳ್ಳಿ ಬಣ್ಣ ಹೊಡೆದ ಸಾದಾ ಎಂಎಸ್ ಪೈಪನ್ನೂ ಸತು ಲೇಪದ ಜಿಐ ಅಂತ ಮಾರುತ್ತಾರೆ. ಉಗುರಿನಿಂದ ಕೆರೆದರೆ ಪುಡಿ ಬರುವುದು ಬಣ್ಣ. ಕತ್ತರಿಸಿ, ಕೊರೆದು ಆದ ಮೇಲೆ ಗ್ಯಾಲ್ವನೈಸ್ ಮಾಡಿಸಿದ ಭಾಗಗಳನ್ನು ತಂದು ಬೋಲ್ಟಿನಲ್ಲಿ ಜೋಡಿಸುವುದೇ ಸರಿ. ತಾರಸಿ ಮೇಲೆ ವೆಲ್ಡಿಂಗ್ ಮಾಡಿದರೆ ಆ ಜಾಗದ ಸತು ಸುಟ್ಟುಹೋಗುತ್ತದೆ. ಹಿಂದಿನ ಕಾಲುಗಳ ನಡುವೆ ಕನಿಷ್ಠ ಒಂದು ಜಾಗದಲ್ಲಿ ಅಡ್ಡ ಓರೆ ಪಟ್ಟಿ ಇರಲಿ. ಇಲ್ಲದಿದ್ದರೆ ಪೂರ್ವ-ಪಶ್ಚಿಮ ಗಾಳಿಗೆ ಸ್ಟ್ಯಾಂಡು ತೂಗುತ್ತದೆ, ಆ ತೂಗಾಟ ನೇರ ಬೋಲ್ಟ್ ಬುಡದ ಸೀಲೆಂಟಿಗೆ ಹೋಗುತ್ತದೆ.

ಕ್ಲ್ಯಾಂಪ್ ಎಲ್ಲಿ ಬೇಕೋ ಅಲ್ಲಿ ಹಾಕುವಂತಿಲ್ಲ. ಪ್ಯಾನೆಲ್ ಕಂಪನಿಯ ಮ್ಯಾನ್ಯುಯಲ್ಲಿನಲ್ಲಿ ಉದ್ದ ಬದಿಯ ಎಷ್ಟರಿಂದ ಎಷ್ಟರ ಒಳಗೆ ಹಿಡಿಯಬೇಕು ಅಂತ ಚಿತ್ರ ಇರುತ್ತದೆ, ಸಾಮಾನ್ಯವಾಗಿ ಎರಡೂ ತುದಿಯಿಂದ ಐದನೇ ಒಂದು ಭಾಗದ ಆಸುಪಾಸು. ಅದನ್ನು ಬಿಟ್ಟು ತುದಿಯಲ್ಲಿ ಹಿಡಿದರೆ ಗಾಳಿಗೆ ಪ್ಯಾನೆಲ್ ನಡುವೆ ಬಾಗುತ್ತದೆ. ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿಯಿರಿ. ಪ್ಯಾನೆಲ್ಲನ್ನು ಮೇಲೆತ್ತುವ ಕೆಲಸ ಬೆಳಿಗ್ಗೆ ಮುಗಿಸಿ. ಎರಡೂವರೆ ಚದರ ಮೀಟರಿನ ಹಲಗೆ ಕೈಯಲ್ಲಿರುವಾಗ ಸಂಜೆಯ ಒಂದು ಬೀಸು ಸಾಕು ಆಯ ತಪ್ಪಲು.

ಕೊಟೇಷನ್ನಿನಲ್ಲಿ "150 ಕಿ.ಮೀ. ಗಾಳಿ ತಡೆಯುತ್ತದೆ" ಅಂತ ಬರೆದಿದ್ದರೆ ಒಂದೇ ಪ್ರಶ್ನೆ ಕೇಳಿ: "ಸ್ಟ್ಯಾಂಡು ತಡೆಯುತ್ತೆ ಸರಿ, ಬುಡ ಎಷ್ಟು ತಡೆಯುತ್ತೆ ಸಾರ್? ಒಂದು ಕಾಲಿಗೆ ಎಷ್ಟು ಕೆ.ಜಿ. ಎಳೆತ ಹಿಡಿದಿದ್ದೀರಾ?" ಉತ್ತರದಲ್ಲಿ ಒಂದು ಸಂಖ್ಯೆ ಬಂದರೆ ಮಾತು ಮುಂದುವರಿಸಿ.

ಎಲ್ಲಿಗೆ ಈ ಲೆಕ್ಕ ಸಾಲದು

ಪ್ಯಾನೆಲ್ ಕೆಳಗೆ ಬಟ್ಟೆ ಒಣಗಿಸಬೇಕು, ಓಡಾಡಬೇಕು ಅಂತ ಏಳೆಂಟು ಅಡಿ ಎತ್ತರಕ್ಕೆ ಎತ್ತುವುದು ಈಗ ಮಾಮೂಲು. ಅಲ್ಲಿ ಎಳೆತದ ಜೊತೆಗೆ ಪಕ್ಕದ ಗಾಳಿ ಕಾಲನ್ನು ಬುಡದಲ್ಲಿ ತಿರುಚುತ್ತದೆ. ಒಂದು ಬದಿಯ ಬೋಲ್ಟಿಗೆ ಬರುವ ಎಳೆತ ಎಷ್ಟೋ ಪಟ್ಟು ಏರುತ್ತದೆ. ಒಂದಡಿಯ ಪೆಡೆಸ್ಟಲ್ಲನ್ನು ಸ್ಲ್ಯಾಬಿನ ನಡುವೆ ಕೂರಿಸಿ ಅದನ್ನು ನಿಲ್ಲಿಸಲು ಆಗುವುದಿಲ್ಲ. ಕಾಲುಗಳು ಪಿಲ್ಲರ್ ಅಥವಾ ತೊಲೆಯ ಮೇಲೇ ಬರಬೇಕು. ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇಲ್ಲದೆ ಮಾಡಬೇಡಿ. ಗುಡ್ಡದ ನೆತ್ತಿಯ ಮನೆ, ಐದಾರು ಮಹಡಿ ಕಟ್ಟಡ ಇವಕ್ಕೂ ಇದೇ ಮಾತು.

ಮಂಗಳೂರು, ಉಡುಪಿ, ಕಾರವಾರದ ಕಡೆ ಇದೇ ಆರು ಪ್ಯಾನೆಲ್ಲಿಗೆ ಎಳೆತ 1,350ರ ಬದಲು 1,870 ಕೆ.ಜಿ. ಅಂತ ಹಿಡಿಯಿರಿ. ಮೇಲೆ ಹೇಳಿದ ನಾಲ್ಕು ಸರಳು ಅದಕ್ಕೂ ಸಾಕಾಗುತ್ತದೆ, ಆದರೆ ಜೋಡಿ ಕಾಲುಗಳನ್ನು ಒಂದೂವರೆ ಮೀಟರಿಗೊಂದು ಇಟ್ಟರೆ ಪರ್ಲಿನ್, ಅಂದರೆ ಪ್ಯಾನೆಲ್ ಹೊರುವ ಉದ್ದ ಕಂಬಿ, ಬಾಗುವುದಿಲ್ಲ. ಉಪ್ಪು ಗಾಳಿಗೆ ಮಾಮೂಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟಿನ ಮೇಲೂ ಕಂದು ಕಲೆ ಬರುತ್ತದೆ, 316 ದರ್ಜೆಯದು ಕೇಳಿ.

ಆಮೇಲೆ ನೋಡಬೇಕಾದ್ದು

ಕೆಲಸ ಮುಗಿದ ದಿನವೇ ಪ್ರತಿ ನಟ್ ಮತ್ತು ಬೋಲ್ಟ್ ಮೇಲೆ ಪೇಂಟ್ ಮಾರ್ಕರಿನಲ್ಲಿ ಅಡ್ಡಲಾಗಿ ಒಂದು ಗೆರೆ ಎಳೆಯಿರಿ. ವರ್ಷಕ್ಕೊಮ್ಮೆ, ಮಾರ್ಚ್ ಕೊನೆಗೆ, ಗಾಳಿಮಳೆ ಶುರುವಾಗುವ ಮುಂಚೆ ಹೋಗಿ ನೋಡಿ. ಗೆರೆ ತುಂಡಾಗಿ ಆಚೀಚೆ ಸರಿದಿದ್ದರೆ ನಟ್ ತಿರುಗಿದೆ. ಅದೇ ಕಾಲಿನ ನಟ್ ಬಿಗಿದ ಮೇಲೂ ಮರುವರ್ಷ ಸರಿದಿದ್ದರೆ ತೊಂದರೆ ನಟ್ಟಿನದ್ದಲ್ಲ, ಸ್ಟ್ಯಾಂಡು ಅಲ್ಲಾಡುತ್ತಿದೆ. ಓರೆ ಪಟ್ಟಿ ನೋಡಿ. ಬೇಸ್ ಪ್ಲೇಟ್ ಕೆಳಗಿಂದ ಪೆಡೆಸ್ಟಲ್ ಮೈ ಮೇಲೆ ತುಕ್ಕಿನ ಗೆರೆ ಇಳಿದಿದ್ದರೆ ಸೀಲೆಂಟ್ ಬಿಟ್ಟಿದೆ. ಕೆರೆದು ತೆಗೆದು, ಒಣಗಿಸಿ, ಹೊಸದು ಹಾಕಿ. ಪೆಡೆಸ್ಟಲ್ ಬುಡದ ಓರೆ ಗಾರೆಯಲ್ಲಿ ಸುತ್ತಲೂ ಕೂದಲೆಳೆ ಬಿರುಕು ಬಂದಿದ್ದರೆ ಅದನ್ನು ಬಣ್ಣದ ಬಿರುಕು ಅಂತ ಬಿಡಬೇಡಿ. ಪೆಡೆಸ್ಟಲ್ಲೇ ಕದಲುತ್ತಿರಬಹುದು. ಸರಳಿನ ಹಿಡಿತ ಪರೀಕ್ಷೆ ಮಾಡಿಸಿ.

ಮಳೆಗಾಲದಲ್ಲಿ ಸೀಲಿಂಗಿನಲ್ಲಿ ಒದ್ದೆ ಕಂಡರೆ ಅದರ ನೇರ ಮೇಲಿರುವ ಕಾಲನ್ನೇ ಬಯ್ಯಬೇಡಿ. ನೀರು ಗಾರೆಯ ಕೆಳಗೆ ಇಳಿದು, ಸ್ಲ್ಯಾಬಿನ ಮೇಲೆ ಇಳಿಜಾರಿನತ್ತ ಹರಿದು, ಪೊಳ್ಳು ಸಿಕ್ಕಿದ ಕಡೆ ಕೆಳಗೆ ಬರುತ್ತದೆ. ಒದ್ದೆಯ ಜಾಗದಿಂದ ತಾರಸಿಯ ಎತ್ತರದ ಕಡೆಗೆ ಒಂದೊಂದೇ ಪೆಡೆಸ್ಟಲ್ ಸುತ್ತ ಮಣ್ಣಿನ ಒಡ್ಡು ಕಟ್ಟಿ ನೀರು ನಿಲ್ಲಿಸಿ, ಕೆಳಗೆ ಒಬ್ಬರನ್ನು ಕಾಯಲು ಬಿಡಿ. ಯಾವುದರ ಸುತ್ತ ನಿಂತಾಗ ಒದ್ದೆ ಜಾಸ್ತಿ ಆಗುತ್ತದೋ ಅದರ ಕೋಟನ್ನು ಮಾತ್ರ ಕೆರೆದು ಮೆಶ್ ಸಮೇತ ಹೊಸದಾಗಿ ಹಾಕಿ.